ರಾತ್ರಿ ಹನ್ನೊಂದಕ್ಕೆ ಕಿರುಚಿ ಏಳ್ತಾಳೆ, ನನ್ನನ್ನೇ ಗುರುತಿಸಲ್ಲ. ಇದು ಕೆಟ್ಟ ಕನಸಾ?

ಗೋಣಿಕೊಪ್ಪದ ಅಮ್ಮ · ನವೆಂಬರ್ 9, ರಾತ್ರಿ 11.48

ಈಗಷ್ಟೇ ಮಲಗಿದಳು. ಕೈ ಇನ್ನೂ ನಡುಗ್ತಾ ಇದೆ, ಆದ್ರೂ ಬರೀತಿದ್ದೀನಿ. ಮಗಳಿಗೆ 2 ವರ್ಷ 5 ತಿಂಗಳು. ಮೂರು ವಾರದಿಂದ, ವಾರಕ್ಕೆ ನಾಲ್ಕೈದು ಸಲ, ರಾತ್ರಿ ಇದ್ದಕ್ಕಿದ್ದ ಹಾಗೆ ಎದ್ದು ಕೂತು ಚೀರೋಕೆ ಶುರು ಮಾಡ್ತಾಳೆ. ಅಳು ಅಲ್ಲ, ಯಾರೋ ಹೊಡೆದ ಹಾಗೆ ಕಿರುಚೋದು. ಕಣ್ಣು ಪೂರ್ತಿ ತೆರೆದಿರುತ್ತೆ, ಆದ್ರೆ ನನ್ನನ್ನ ದಾಟಿ ಹಿಂದಿರೋ ಗೋಡೆಯನ್ನ ನೋಡ್ತಾ ಇರ್ತಾಳೆ. ಎತ್ತಿಕೊಂಡ್ರೆ ತಳ್ತಾಳೆ, ಒದೀತಾಳೆ. "ಅಮ್ಮಾ" ಅಂತ ಕೂಗ್ತಾಳೆ, "ಇಲ್ಲೇ ಇದ್ದೀನಿ ಪುಟ್ಟಿ" ಅಂದ್ರೆ ಇನ್ನೂ ಜೋರು. ಬೆವರು, ಎದೆ ಡವಡವ.

ಇವತ್ತು ನಮ್ಮವರು ಗಾಬರಿಯಲ್ಲಿ ಲೈಟ್ ಹಾಕಿ, ಮುಖಕ್ಕೆ ನೀರು ಹಾಕಿ, ಹೆಸರು ಹಿಡಿದು ಕೂಗಿ ಎಬ್ಬಿಸೋಕೆ ನೋಡಿದ್ರು. 25 ನಿಮಿಷ ಆಯ್ತು. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಮಗ್ಗುಲಾಗಿ ಮಲಗಿಬಿಟ್ಟಳು. ಬೆಳಿಗ್ಗೆ ಕೇಳಿದ್ರೆ ಒಂದೂ ನೆನಪಿರಲ್ಲ, ನಗ್ತಾ ದೋಸೆ ತಿಂತಾಳೆ. ಅತ್ತೆ ದೃಷ್ಟಿ ಅಂತಾರೆ. ಕೆಟ್ಟ ಕನಸು ಇಷ್ಟು ಜೋರಾಗಿ ಬೀಳುತ್ತಾ ಇಷ್ಟು ಚಿಕ್ಕ ಮಕ್ಕಳಿಗೆ?

ಕಾಫಿಕಣದ ರಾಜ · ನವೆಂಬರ್ 10, ಬೆಳಿಗ್ಗೆ 6.10

ಎಲ್ಲಾ ಮೊಬೈಲ್ ಮಹಿಮೆ. ಊಟ ಮಾಡಿಸೋಕೆ ಕಾರ್ಟೂನ್ ತೋರಿಸ್ತೀರಿ, ಅದೇ ತಲೆಯಲ್ಲಿ ಕೂತು ರಾತ್ರಿ ಕನಸಾಗಿ ಬರುತ್ತೆ. ಎರಡು ದಿನ ಬಂದ್ ಮಾಡಿ ನೋಡಿ. ಎದ್ದಾಗ ಪೂರ್ತಿ ಎಚ್ಚರ ಮಾಡಿಸಿ, ಮನೆಯೆಲ್ಲ ಲೈಟ್ ಹಾಕಿ ಒಂದು ಸುತ್ತು ತಿರುಗಾಡಿಸಿ. ಅರ್ಧ ಎಚ್ಚರದಲ್ಲಿ ಬಿಟ್ರೆ ಅದೇ ಕನಸು ಮುಂದುವರಿಯುತ್ತೆ.

ನಾಪೋಕ್ಲು ಹುಡುಗಿ · ನವೆಂಬರ್ 10, ಬೆಳಿಗ್ಗೆ 7.02

ನಮ್ಮನೇಲೂ ಇದೇ ಕಥೆ ಅಕ್ಕ!! 14 ತಿಂಗಳ ಮಗ, ರಾತ್ರಿ ನಾಲ್ಕು ಸಲ ಏಳ್ತಾನೆ, ಹಾಲು ಕೊಟ್ರೆ ಮಲಗ್ತಾನೆ. ಹಾಲು ಬಿಡಿಸೋಕೆ ಬೇವಿನ ಎಣ್ಣೆ ಹಚ್ಚಿ ಅಂತಾರೆ, ಯಾರಾದ್ರೂ ಮಾಡಿದ್ದೀರಾ?

ಮಡಿಕೇರಿ ಮಂಜು · ನವೆಂಬರ್ 10, ಬೆಳಿಗ್ಗೆ 7.15

ತಂಗಿ, ಅದು ಹಸಿವು. ಇವರ ಮಗು ಕಿರುಚೋದು. ಎರಡೂ ಬೇರೆ ಬಸ್ಸು.

ಹಳೇ ನರ್ಸಮ್ಮ · ನವೆಂಬರ್ 10, ಬೆಳಿಗ್ಗೆ 9.30

ಗೋಣಿಕೊಪ್ಪದಮ್ಮ, ಮೊದಲು ಒಂದು ಗುಟುಕು ಕಾಫಿ ಕುಡೀರಿ. 22 ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ನೀವು ಬರೆದಿದ್ದನ್ನ ಓದಿದ್ರೆ ಕೆಟ್ಟ ಕನಸಿನ ಹಾಗೆ ಕಾಣಲ್ಲ. ಇದನ್ನ ಡಾಕ್ಟರುಗಳು ನೈಟ್ ಟೆರರ್ ಅಂತಾರೆ. ಎರಡೂ ಬೇರೆ ಬೇರೆ ನಿದ್ದೆಯಲ್ಲಿ ಬರೋದು, ಅದಕ್ಕೇ ನಾವು ಮಾಡಬೇಕಾದ್ದೂ ಹೆಚ್ಚುಕಡಿಮೆ ಉಲ್ಟಾ.

ಮಗು ಮಲಗಿದ ಮೊದಲ ಒಂದು ಗಂಟೆಯಿಂದ ಮೂರು ಗಂಟೆ ಒಳಗೆ ಬರೋದು ಗಾಢ ನಿದ್ದೆ. ನೀವು ಎತ್ತಿ ಇನ್ನೊಂದು ಕೋಣೆಗೆ ಹಾಕಿದ್ರೂ ಏಳದ ನಿದ್ದೆ ಅದು. ಅಲ್ಲಿಂದ ಹಗುರ ನಿದ್ದೆಗೆ ಮೇಲೆ ಬರುವಾಗ ಕೆಲವು ಮಕ್ಕಳು ನಡುವೆ ಸಿಕ್ಕಿಕೊಳ್ತಾರೆ. ಕೈಕಾಲು, ಗಂಟಲು, ಎದೆಬಡಿತ ಎಲ್ಲಾ ಎದ್ದಿರುತ್ತೆ, ಮಗು ಮಾತ್ರ ಎದ್ದಿರಲ್ಲ. ಕಣ್ಣು ತೆರೆದಿದ್ರೂ ನಿಮ್ಮನ್ನ ಕಾಣ್ತಿಲ್ಲ ಅನ್ನೋದು ಅದಕ್ಕೇ. ನೆನಪು ಇರಲ್ಲ ಅನ್ನೋದೂ ಅದಕ್ಕೇ. ಅವಳು ಆ 25 ನಿಮಿಷ ನರಕ ಅನುಭವಿಸಿದಳು ಅಂತ ನೀವು ಅಂದುಕೊಂಡಿದ್ದೀರಿ. ಅನುಭವಿಸಿದ್ದು ನೀವು.

ಕೆಟ್ಟ ಕನಸು ಬೀಳೋದು ಸಾಮಾನ್ಯವಾಗಿ ರಾತ್ರಿಯ ದ್ವಿತೀಯಾರ್ಧದಲ್ಲಿ, ಬೆಳಗಿನ ಜಾವದ ಕಡೆ. ಕನಸು ಕಂಡ ಮಗು ನಿಜವಾಗ್ಲೂ ಎಚ್ಚರ ಆಗುತ್ತೆ. ನಿಮ್ಮನ್ನ ಹುಡುಕುತ್ತೆ, ಕುತ್ತಿಗೆಗೆ ಜೋತು ಬೀಳುತ್ತೆ, ಮತ್ತೆ ಮಲಗೋಕೆ ಹೆದರುತ್ತೆ. ತಳ್ಳಲ್ಲ.

ರಾಜಣ್ಣ ಹೇಳಿದ ಹಾಗೆ ಪೂರ್ತಿ ಎಬ್ಬಿಸೋಕೆ ಹೋಗಬೇಡಿ. ನೀರು ಹಾಕಿ ಎಬ್ಬಿಸಿದ್ದಕ್ಕೇ 25 ನಿಮಿಷ ಆಗಿದೆ ಅಂತ ನನ್ನ ಅಂದಾಜು. ಮುಂದಿನ ಸಲ ದೊಡ್ಡ ಲೈಟ್ ಬೇಡ. ಪಕ್ಕದಲ್ಲಿ ಕೂತು, ಮಂಚದಿಂದ ಬೀಳದ ಹಾಗೆ, ಗೋಡೆಗೆ ತಲೆ ತಾಗದ ಹಾಗೆ ಕೈ ಅಡ್ಡ ಇಟ್ಟು ಸುಮ್ಮನೆ ಕಾಯಿರಿ. ಮಾತಾಡಿದ್ರೆ ಮೆಲ್ಲಗೆ, ಒಂದೇ ಮಾತು. ಗಡಿಯಾರ ನೋಡಿ ಎಷ್ಟು ಹೊತ್ತಿಗೆ ಶುರುವಾಯ್ತು, ಎಷ್ಟು ಹೊತ್ತು ಇತ್ತು ಅಂತ ಬರೆದಿಡಿ.

ಈಗ ನನ್ನ ಪ್ರಶ್ನೆ. ಎಷ್ಟು ಗಂಟೆಗೆ ಮಲಗಿಸ್ತೀರಿ, ಎಷ್ಟಕ್ಕೆ ಏಳ್ತಾಳೆ, ಮಧ್ಯಾಹ್ನದ ನಿದ್ದೆ ಇದೆಯಾ? ಗೊರಕೆ ಹೊಡೀತಾಳಾ?

ಕಾಫಿಕಣದ ರಾಜ · ನವೆಂಬರ್ 10, ಬೆಳಿಗ್ಗೆ 9.52

ಅಂದ್ರೆ ಮಗು ಕಿರುಚ್ತಾ ಇದ್ರೆ ತಾಯಿ ಗಡಿಯಾರ ನೋಡ್ಕೊಂಡು ಕೂರಬೇಕಾ? ಒಳ್ಳೇ ಉಪದೇಶ.

ಹಳೇ ನರ್ಸಮ್ಮ · ನವೆಂಬರ್ 10, ಬೆಳಿಗ್ಗೆ 10.05

ಹೌದು ರಾಜಣ್ಣ, ಅದೇ ಕಷ್ಟದ ಕೆಲಸ. ಎತ್ತಿಕೊಂಡು ಓಡಾಡೋದು ಸುಲಭ.

ಅಜ್ಜಿಮನೆ · ನವೆಂಬರ್ 10, ಬೆಳಿಗ್ಗೆ 11.20

ನಮ್ಮ ಕಾಲದಲ್ಲಿ ಮಗು ಬೆಚ್ಚಿಬಿದ್ರೆ ಉಪ್ಪು, ಒಣಮೆಣಸು ಹಿಡಿದು ನೀವಾಳಿಸಿ ಒಲೆಗೆ ಹಾಕ್ತಿದ್ವಿ. ಕುತ್ತಿಗೆಗೆ ಒಂದು ತಾಯತ. ಮಕ್ಕಳು ಚೆನ್ನಾಗೇ ಬೆಳೆದ್ರು. ಈಗ ಎಲ್ಲದಕ್ಕೂ ಇಂಗ್ಲಿಷ್ ಹೆಸರು.

ಹಳೇ ನರ್ಸಮ್ಮ · ನವೆಂಬರ್ 10, ಬೆಳಿಗ್ಗೆ 11.41

ಅಮ್ಮಾ, ನೀವಾಳಿಸೋದಕ್ಕೆ ನನ್ನ ತಕರಾರಿಲ್ಲ, ಮೆಣಸಿನ ಹೊಗೆ ಮಗುವಿನ ಮೂಗಿಗೆ ಹೋಗದಿದ್ರೆ ಸಾಕು. ಆದ್ರೆ ಮಲಗೋ ಮಗುವಿನ ಕುತ್ತಿಗೆಗೆ ದಾರ ಬೇಡ. ಹೊರಳಾಡುವಾಗ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಉಸಿರು ಕಟ್ಟುತ್ತೆ. ಕಟ್ಟಲೇಬೇಕು ಅಂದ್ರೆ ಹಗಲು ಕೈಗೆ ಕಟ್ಟಿ. ಚೆನ್ನಾಗಿ ಬೆಳೆದಿದ್ದು ಸರಿಯೇ. ಇದು ವಯಸ್ಸಾಗ್ತಾ ತಾನಾಗೇ ಹೋಗೋ ತೊಂದರೆ. ತಾಯತ ಕಟ್ಟಿದ್ರೂ ಹೋಗುತ್ತೆ, ಕಟ್ಟದಿದ್ರೂ ಹೋಗುತ್ತೆ.

ಗೋಣಿಕೊಪ್ಪದ ಅಮ್ಮ · ನವೆಂಬರ್ 10, ಮಧ್ಯಾಹ್ನ 2.15

ನರ್ಸಮ್ಮ, ತುಂಬಾ ಥ್ಯಾಂಕ್ಸ್. ಓದಿ ಅತ್ತುಬಿಟ್ಟೆ. ಉತ್ತರ ಹೇಳ್ತೀನಿ.

ನಮ್ಮವರದ್ದು ಅಂಗಡಿ, ಮನೆಗೆ ಬರೋವಾಗ ಒಂಬತ್ತು. ಅಪ್ಪನ ಮುಖ ನೋಡದೆ ಮಲಗಲ್ಲ ಅಂತ ಹಟ, ಹಾಗಾಗಿ ಒಂಬತ್ತೂವರೆಗೆ ಮಲಗ್ತಾಳೆ. ಬೆಳಿಗ್ಗೆ ಆರೂವರೆಗೆ ನಾನೇ ಎಬ್ಬಿಸ್ತೀನಿ, ಪ್ಲೇಸ್ಕೂಲ್ ವ್ಯಾನ್ ಬೇಗ ಬರುತ್ತೆ. ಮಧ್ಯಾಹ್ನ ಮುಂಚೆ ಎರಡು ಗಂಟೆ ಮಲಗ್ತಿದ್ದಳು. ದಸರಾ ರಜೆ ಮುಗಿದ ಮೇಲೆ ಇಡೀ ದಿನದ ಬ್ಯಾಚಿಗೆ ಹಾಕಿದ್ವಿ. ಅಲ್ಲಿ ಮಲಗಿಸಲ್ಲ. ಮೂರೂವರೆಗೆ ಬರುವಾಗ ವ್ಯಾನಿನಲ್ಲಿ ಒಂದು 15 ನಿಮಿಷ ತೂಕಡಿಸ್ತಾಳೆ, ಅಷ್ಟೇ.

ಬರೆದು ನೋಡಿದ ಮೇಲೆ ನನಗೇ ಹೊಳೀತು. ಇದು ಶುರುವಾಗಿದ್ದೂ ಆವಾಗಲೇ.

ಗೊರಕೆ ಸ್ವಲ್ಪ ಇದೆ, ಶೀತ ಆದಾಗ ಜಾಸ್ತಿ.

ಹಳೇ ನರ್ಸಮ್ಮ · ನವೆಂಬರ್ 10, ಮಧ್ಯಾಹ್ನ 3.00

ಸಿಕ್ತು ನೋಡಿ. ಲೆಕ್ಕ ಹಾಕೋಣ. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಮುಂಚೆ ರಾತ್ರಿ 9, ಹಗಲು 2, ಒಟ್ಟು 11. ಗಡಿಯಲ್ಲಿತ್ತು, ನಡೀತಿತ್ತು. ಈಗ ಒಂಬತ್ತೂಕಾಲು. ದಿನಕ್ಕೆ ಸುಮಾರು ಎರಡು ಗಂಟೆ ಸಾಲ, ಮೂರು ವಾರದಿಂದ. ನಿದ್ದೆಗೆಟ್ಟ ದೇಹ ಆ ಸಾಲ ತೀರಿಸೋದು ಮೊದಲ ನಿದ್ದೆಯಲ್ಲಿ. ಆ ಗಾಢ ನಿದ್ದೆ ಇನ್ನೂ ಆಳಕ್ಕೆ ಹೋಗುತ್ತೆ, ಅಲ್ಲಿಂದ ಮೇಲೆ ಬರೋದು ಇನ್ನೂ ಒರಟಾಗುತ್ತೆ. ಸುಸ್ತಾದಷ್ಟೂ ಚೆನ್ನಾಗಿ ಮಲಗ್ತಾರೆ ಅಂತ ನಾವು ತಿಳಿದಿರ್ತೀವಿ. ಇಂಥ ಮಕ್ಕಳಲ್ಲಿ ಸುಸ್ತಾದಷ್ಟೂ ಕಿರುಚೋದು ಜಾಸ್ತಿ.

ಜ್ವರ, ಹೊಸ ಜಾಗ, ಮಲಗೋ ಹೊತ್ತು ಏರುಪೇರಾಗೋದು, ತುಂಬಿದ ಮೂತ್ರಕೋಶ, ಇವೂ ಎಬ್ಬಿಸಬಹುದು. ಗೊರಕೆ ವಿಷಯ ಮರೀಬೇಡಿ, ಅದಕ್ಕೆ ಆಮೇಲೆ ಬರ್ತೀನಿ. ಇನ್ನೊಂದು ಕೇಳಿ. ನಿಮ್ಮ ಮನೆಯಲ್ಲಿ, ಅವರ ಮನೆಯಲ್ಲಿ, ಯಾರಾದ್ರೂ ನಿದ್ದೇಲಿ ನಡೆಯೋರು ಇದ್ರಾ?

ಸುಂಟಿಕೊಪ್ಪ ಟೀಚರ್ · ನವೆಂಬರ್ 10, ಸಂಜೆ 5.40

ಒಂದು ನಿಮಿಷ. ಪ್ಲೇಸ್ಕೂಲಿನವರನ್ನ ಬೈಯೋ ಮುಂಚೆ ನಮ್ಮ ಕಡೆನೂ ಕೇಳಿ. ನಾನು ಅಂಥದ್ದೇ ಒಂದು ಕಡೆ ಕೆಲಸ ಮಾಡ್ತೀನಿ. ಊಟ ಆದ ಮೇಲೆ ಚಾಪೆ ಹಾಸಿ ಮಲಗಿಸಿದ್ರೆ, "ದುಡ್ಡು ಕೊಟ್ಟು ಮಲಗಿಸೋಕೆ ಕಳಿಸ್ತೀವಾ, ಏನು ಕಲಿಸ್ತೀರಿ" ಅಂತ ಪೇರೆಂಟ್ಸೇ ಬಂದು ಜಗಳ ಮಾಡ್ತಾರೆ. "ಮಧ್ಯಾಹ್ನ ಮಲಗಿಸಿದ್ರೆ ರಾತ್ರಿ ಹತ್ತಾದ್ರೂ ಮಲಗಲ್ಲ" ಅಂತ ಇನ್ನರ್ಧ ಜನ. ನಾವು ಯಾರ ಮಾತು ಕೇಳೋಣ?

ಗೋಣಿಕೊಪ್ಪದ ಅಮ್ಮ · ನವೆಂಬರ್ 10, ಸಂಜೆ 6.05

ಟೀಚರ್, ಬೈದಿಲ್ಲ. ಇಡೀ ದಿನದ ಬ್ಯಾಚ್ ಬೇಕು ಅಂದಿದ್ದು ನಾನೇ.

ಶನಿವಾರಸಂತೆಯ ಅಪ್ಪ · ನವೆಂಬರ್ 10, ರಾತ್ರಿ 8.30

ಇದನ್ನ ಹೆದರಿಸೋಕೆ ಬರೀತಿಲ್ಲ, ಆದ್ರೆ ಬರೆಯದೇ ಇದ್ರೆ ನಿದ್ದೆ ಬರಲ್ಲ.

ನಮ್ಮ ಮಗನಿಗೂ ನಾಲ್ಕನೇ ವರ್ಷದಲ್ಲಿ ರಾತ್ರಿ ಬೆಚ್ಚೋದು ಶುರುವಾಯ್ತು. ನೈಟ್ ಟೆರರ್, ತಾನಾಗೇ ಹೋಗುತ್ತೆ ಅಂದ್ರು, ನಾವೂ ಸುಮ್ಮನಾದ್ವಿ. ಎರಡು ತಿಂಗಳ ಮೇಲೆ ನನ್ನ ಹೆಂಡತಿ ಒಂದು ಗಮನಿಸಿದಳು. ಪ್ರತಿ ಸಲ ಒಂದೇ ಥರ. ಬಲಗೈ ಮೇಲೆ ಹೋಗುತ್ತೆ, ತಲೆ ಎಡಕ್ಕೆ ತಿರುಗುತ್ತೆ, ಒಂದು ಕೂಗು, 30-40 ಸೆಕೆಂಡಿನಲ್ಲಿ ಮುಗೀತು. ಫೋಟೋಕಾಪಿ ತೆಗೆದ ಹಾಗೆ. ರಾತ್ರಿಗೆ ಒಂದಲ್ಲ, ಐದಾರು. ಹತ್ತು ಗಂಟೆಗೂ ಬರುತ್ತೆ, ಬೆಳಗಿನ ಜಾವ ನಾಲ್ಕಕ್ಕೂ ಬರುತ್ತೆ.

ಮೊಬೈಲಿನಲ್ಲಿ ವಿಡಿಯೋ ಮಾಡಿ ಮೈಸೂರಿಗೆ ಹೋಗಿ ನರರೋಗದ ಡಾಕ್ಟರಿಗೆ ತೋರಿಸಿದ್ವಿ. ವಿಡಿಯೋ ಎರಡು ಸಲ ನೋಡಿ, ಇದು ಫಿಟ್ಸ್ ಇರಬಹುದು ಅಂದ್ರು. ರಾತ್ರಿ ಮಲಗಿಸಿ ಇ.ಇ.ಜಿ. ಮಾಡಿದ ಮೇಲೆ ಖಾತ್ರಿಯಾಯ್ತು. ಔಷಧಿ ನಡೀತಿದೆ, ಈಗ ರಾತ್ರಿ ಶಾಂತ. ಅದಕ್ಕೇ ಹೇಳೋದು, ವಿಡಿಯೋ ಮಾಡಿಡಿ. ಬಾಯಲ್ಲಿ ವರ್ಣಿಸಿದ್ರೆ ಎರಡೂ ಒಂದೇ ಥರ ಕೇಳಿಸುತ್ತೆ.

ಗೋಣಿಕೊಪ್ಪದ ಅಮ್ಮ · ನವೆಂಬರ್ 10, ರಾತ್ರಿ 8.44

ಅಯ್ಯೋ ಅಣ್ಣಾ. ಈಗ ಹೊಟ್ಟೆ ತೊಳಸ್ತಾ ಇದೆ.

ಹಳೇ ನರ್ಸಮ್ಮ · ನವೆಂಬರ್ 10, ರಾತ್ರಿ 9.10

ಅವರು ಬರೆದಿದ್ದು ಒಳ್ಳೇದಾಯ್ತು, ನಾನೇ ಹೇಳಬೇಕಿತ್ತು. ಆದ್ರೆ ಅವರ ಮಗನದ್ದನ್ನೂ ನಿಮ್ಮ ಮಗಳದ್ದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅದು ಸೆಕೆಂಡುಗಳ ಲೆಕ್ಕ, ನಿಮ್ಮದು ನಿಮಿಷಗಳ ಲೆಕ್ಕ. ಅದು ರಾತ್ರಿಗೆ ಹಲವು ಸಲ, ನಿಮ್ಮದು ಒಂದೇ ಸಲ. ಅದು ಅಚ್ಚೊತ್ತಿದ ಹಾಗೆ ಒಂದೇ ಭಂಗಿ, ನಿಮ್ಮ ಮಗಳು ಒಂದು ದಿನ ಒದೀತಾಳೆ, ಒಂದು ದಿನ ಕೂತು ಚೀರ್ತಾಳೆ. ಮೈ ಬಿಗಿಯಾಗಿ ಸೆಟೆದುಕೊಳ್ಳೋದು, ಒಂದೇ ಲಯದಲ್ಲಿ ಜರ್ಕ್ ಹೊಡೆಯೋದು, ಹಗಲಲ್ಲೂ ಹಾಗೆ ಆಗೋದು ಕಂಡ್ರೆ ಕಾಯಬೇಡಿ, ತೋರಿಸಿ. ಇಲ್ಲದಿದ್ರೂ ಒಂದು ವಿಡಿಯೋ ಇರಲಿ. ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರ ಮುಂದಿನ ಸಲ ಹೋದಾಗ ತೋರಿಸಿದ್ರೆ ನಿಮಗೇ ಸಮಾಧಾನ.

ಮಡಿಕೇರಿ ಮಂಜು · ನವೆಂಬರ್ 10, ರಾತ್ರಿ 9.25

ನಮ್ಮ ಕಡೆ ಕರೆಂಟೇ ಇಲ್ಲ ಅಕ್ಕ, ಕತ್ತಲಲ್ಲಿ ವಿಡಿಯೋ ಮಾಡಿದ್ರೆ ಬರೀ ಕಿರುಚೋ ಸೌಂಡ್. ಟಾರ್ಚನ್ನ ಗೋಡೆ ಕಡೆ ತಿರುಗಿಸಿ ಇಡಿ, ಮುಖಕ್ಕೆ ಹೊಡೀಬೇಡಿ.

ಗೋಣಿಕೊಪ್ಪದ ಅಮ್ಮ · ನವೆಂಬರ್ 11, ಬೆಳಿಗ್ಗೆ 7.40

ಇವತ್ತು ಬೆಳಿಗ್ಗೆ ಅತ್ತೆಗೆ ಕೇಳಿದೆ, ನಿದ್ದೇಲಿ ನಡೆಯೋರು ಮನೇಲಿ ಇದ್ರಾ ಅಂತ. ಅತ್ತೆ ಒಂದು ನಿಮಿಷ ಸುಮ್ಮನಿದ್ದು ಗೊಳ್ಳಂತ ನಕ್ಕರು. ನಮ್ಮವರು ಆರೇಳು ವರ್ಷದಲ್ಲಿ ರಾತ್ರಿ ಎದ್ದು, ಚಿಲಕ ತೆಗೆದು, ಕಣದಲ್ಲಿ ಹರಡಿದ್ದ ಕಾಫಿ ಮೇಲೆ ಹೋಗಿ ನಿಂತುಕೊಳ್ತಿದ್ರಂತೆ! ಮಾವ ಬಾಗಿಲಿಗೆ ಮೇಲೊಂದು ಚಿಲಕ ಹಾಕಿಸಿದ್ರಂತೆ. ನಮ್ಮವರಿಗೆ ಇದು ಇವತ್ತೇ ಗೊತ್ತಾಗಿದ್ದು. ಮುಖ ನೋಡಬೇಕಿತ್ತು. ದೃಷ್ಟಿ ವಿಷಯ ಅತ್ತೆ ಆಮೇಲೆ ಎತ್ತಲಿಲ್ಲ.

ಹಳೇ ನರ್ಸಮ್ಮ · ನವೆಂಬರ್ 11, ಬೆಳಿಗ್ಗೆ 8.15

ಹಾಗಾದ್ರೆ ಅಪ್ಪನ ಬಳುವಳಿ. ನಿದ್ದೇಲಿ ನಡೆಯೋದು, ಹೀಗೆ ಚೀರೋದು, ಎರಡೂ ಒಂದೇ ಗಿಡದ ಎರಡು ಕೊಂಬೆ. ಮನೆತನದಲ್ಲಿ ಹರಿದು ಬರುತ್ತೆ. ಇವಳೂ ಮುಂದೆ ಎದ್ದು ನಡೀಬಹುದು, ಆ ಮೇಲಿನ ಚಿಲಕ ಈಗಲೂ ಇದ್ರೆ ಎಣ್ಣೆ ಹಾಕಿಡಿ. ಎತ್ತರದ ಮಂಚ ಇದ್ರೆ ಹಾಸಿಗೆ ನೆಲಕ್ಕೆ ಇಳಿಸಿ.

ಕುಶಾಲನಗರ ಶೋಭಾ · ನವೆಂಬರ್ 12, ಮಧ್ಯಾಹ್ನ 1.10

ನಮ್ಮ ದೊಡ್ಡವನಿಗೆ ಇದು ಇರಲಿಲ್ಲ, ಅವನಿಗೆ ಬರೀ ಕನಸು. ಮಂಚದ ಕೆಳಗೆ ಗುಮ್ಮ ಇದೆ ಅಂತ ಮೂರನೇ ವರ್ಷದಲ್ಲಿ ಹಿಡಿದ ಹಟ. ನಾನು ದಿನಾ ಟಾರ್ಚ್ ಹಿಡಿದು ಮಂಚದ ಕೆಳಗೆ, ಕಪಾಟಿನ ಹಿಂದೆ ನೋಡಿ "ಇಲ್ಲ ಚಿನ್ನಾ" ಅಂತಿದ್ದೆ. ಒಂದು ತಿಂಗಳಾದ್ರೂ ನಿಲ್ಲಲಿಲ್ಲ. ನನ್ನ ಅಕ್ಕ ಬಂದವಳು, "ನೀನು ದಿನಾ ಹುಡುಕಿದ್ರೆ ಅಲ್ಲಿ ಇರಬಹುದು ಅಂತ ತಾನೇ ಅರ್ಥ" ಅಂದಳು. ಹುಡುಕೋದು ಬಿಟ್ಟೆ, ಕಡಿಮೆಯಾಯ್ತು.

ಸುಂಟಿಕೊಪ್ಪ ಟೀಚರ್ · ನವೆಂಬರ್ 12, ಸಂಜೆ 4.30

ನಾನು ಒಪ್ಪಲ್ಲ. ಮಗು ಹೆದರಿದಾಗ ಒಂದು ಸಲ ನೋಡಿ ತೋರಿಸಿದ್ರೆ ಧೈರ್ಯ ಬರುತ್ತೆ. ನಾವು ಕ್ಲಾಸಿನಲ್ಲಿ ಗುಮ್ಮನ ಚಿತ್ರ ಬರೆಸಿ, ಅದಕ್ಕೆ ಮೀಸೆ, ಫ್ರಾಕು ಹಾಕಿಸ್ತೀವಿ. ನಕ್ಕ ಮೇಲೆ ಹೆದರಲ್ಲ.

ಕುಶಾಲನಗರ ಶೋಭಾ · ನವೆಂಬರ್ 12, ಸಂಜೆ 4.41

ಅದು ಹಗಲಲ್ಲಿ ಟೀಚರ್. ರಾತ್ರಿ ಮೂರಕ್ಕೆ ಯಾರು ಫ್ರಾಕು ಬರೀತಾರೆ?

ಕಾಫಿಕಣದ ರಾಜ · ನವೆಂಬರ್ 12, ರಾತ್ರಿ 8.00

ಶೀತಕ್ಕೆ ಕೊಡೋ ಸಿರಪ್ ಅರ್ಧ ಚಮಚ ಕೊಡಿ, ಬೆಳಿಗ್ಗೆ ತನಕ ಕದಲಲ್ಲ. ನಮ್ಮ ಅಣ್ಣನ ಮನೇಲಿ ಹಾಗೇ ಮಾಡ್ತಾರೆ.

ಹಳೇ ನರ್ಸಮ್ಮ · ನವೆಂಬರ್ 12, ರಾತ್ರಿ 8.06

ಬೇಡವೇ ಬೇಡ. ಇಷ್ಟು ಸಣ್ಣ ಮಕ್ಕಳಿಗೆ ಆ ಸಿರಪ್ಪುಗಳು ಶೀತಕ್ಕೇ ಬೇಡ ಅಂತಾರೆ, ನಿದ್ದೆಗೆ ಅಂತೂ ಅಲ್ಲವೇ ಅಲ್ಲ. ಅದರಲ್ಲೂ ಗೊರಕೆ ಹೊಡೆಯೋ ಮಗುವಿಗೆ ಮಂಪರು ಔಷಧಿ ಕೊಟ್ರೆ ಉಸಿರಾಟಕ್ಕೇ ತೊಂದರೆ. ಅಣ್ಣನ ಮನೆಯವರಿಗೂ ಹೇಳಿ ರಾಜಣ್ಣ, ಸಿಟ್ಟಾಗಬೇಡಿ.

ಗೋಣಿಕೊಪ್ಪದ ಅಮ್ಮ · ನವೆಂಬರ್ 17, ಮಧ್ಯಾಹ್ನ 12.20

ಒಂದು ವಾರದ ಲೆಕ್ಕ ತಂದಿದ್ದೀನಿ ನರ್ಸಮ್ಮ. ಏಳು ರಾತ್ರಿಯಲ್ಲಿ ಐದು ಸಲ. ಪ್ರತಿ ದಿನ ಒಂಬತ್ತೂವರೆಗೇ ಮಲಗಿಸಿದ್ದು. ಶುರುವಾದ ಹೊತ್ತು 11.05, 10.55, 11.10, 11.00, 11.15. ಗಡಿಯಾರ ಕಟ್ಟಿಕೊಂಡು ಮಲಗಿದ ಹಾಗಿದೆ! ಮೊದಲ ಎರಡು ಸಲ ಮನಸ್ಸು ತಡೆಯದೆ ಎತ್ತಿಕೊಂಡೆ, 18 ನಿಮಿಷ, 20 ನಿಮಿಷ ಆಯ್ತು. ಆಮೇಲಿನ ಮೂರು ಸಲ ನೀವು ಹೇಳಿದ ಹಾಗೆ ಪಕ್ಕದಲ್ಲಿ ಕೂತು ಕೈ ಅಡ್ಡ ಇಟ್ಟೆ. 8, 6, 7 ನಿಮಿಷ. ನಮ್ಮವರು ಹೊರಗೆ ಜಗಲಿಗೆ ಹೋಗಿ ಕಿವಿ ಮುಚ್ಚಿ ಕೂರ್ತಾರೆ, ಪಾಪ.

ವಿಡಿಯೋ ನಮ್ಮ ಡಾಕ್ಟರಿಗೆ ತೋರಿಸಿದೆ. ನೀವು ಹೇಳಿದ್ದನ್ನೇ ಹೇಳಿದ್ರು. ಗಂಟಲು ನೋಡಿ, ಟಾನ್ಸಿಲ್ ಸ್ವಲ್ಪ ದೊಡ್ಡದಿದೆ, ಗೊರಕೆ ಗಮನಿಸಿ ಅಂದ್ರು.

ಹಳೇ ನರ್ಸಮ್ಮ · ನವೆಂಬರ್ 17, ಮಧ್ಯಾಹ್ನ 1.05

ಎಷ್ಟು ಚೆಂದ ಬರೆದಿದ್ದೀರಿ. ಮಲಗಿ ಒಂದೂವರೆ ಗಂಟೆ ಆಸುಪಾಸಿಗೆ, ಹೆಚ್ಚುಕಡಿಮೆ ಇಪ್ಪತ್ತೇ ನಿಮಿಷದ ಅಂತರದಲ್ಲಿ ಬರ್ತಿದೆ. ಹೀಗೆ ಹೊತ್ತು ಹಿಡಿದು ಬರೋ ಮಕ್ಕಳಿಗೆ ಒಂದು ಉಪಾಯ ಇದೆ. ಅದು ಬರೋ ಮುಂಚೆ ನೀವೇ ಹೋಗಿ ಮೆಲ್ಲಗೆ ಕದಲಿಸೋದು.

ನಿಮ್ಮ ಲೆಕ್ಕದಲ್ಲಿ ಬೇಗ ಅಂದ್ರೆ 10.55. ಅದಕ್ಕೆ 15-20 ನಿಮಿಷ ಮುಂಚೆ, 10.35ಕ್ಕೆ ಹೋಗಿ. ಲೈಟ್ ಬೇಡ. ಬೆನ್ನು ಸವರಿ, ಹೆಸರು ಹೇಳಿ, ಮಗ್ಗುಲು ಬದಲಿಸೋ ತನಕ ಅಥವಾ ಕಣ್ಣು ಅರ್ಧ ತೆರೆದು "ಹ್ಞೂ" ಅನ್ನೋ ತನಕ, ಅಷ್ಟೇ. ಎದ್ದು ಆಟ ಆಡೋಷ್ಟು ಬೇಡ. ಮತ್ತೆ ಮಲಗಲಿ. ಪ್ರತಿ ರಾತ್ರಿ, ತಪ್ಪದೆ, ಎರಡರಿಂದ ನಾಲ್ಕು ವಾರ. ನೀವು ಕದಲಿಸಿದ ಕೂಡಲೇ ಚೀರೋಕೆ ಶುರು ಮಾಡಿದ್ರೆ ನೀವು ತಡವಾಗಿ ಹೋಗಿದ್ದೀರಿ ಅಂತ ಅರ್ಥ, ಮರುದಿನ ಹತ್ತು ನಿಮಿಷ ಮುಂಚೆ ಹೋಗಿ.

ಮಲಗೋ ಹೊತ್ತು ಹಿಂದಕ್ಕೆ ತಂದ್ರೆ ಈ ಹೊತ್ತೂ ಅಷ್ಟೇ ಹಿಂದಕ್ಕೆ ಬರುತ್ತೆ, ಗಡಿಯಾರ ನಂಬಿ 10.35ಕ್ಕೇ ಕಾಯಬೇಡಿ. ಮಲಗಿದ ಹೊತ್ತಿನಿಂದ ಎಣಿಸಿ.

ಇದು ಎಲ್ಲರಿಗೂ ಕೆಲಸ ಮಾಡುತ್ತೆ ಅಂತ ಆಣೆ ಮಾಡಲ್ಲ. ಸಣ್ಣ ಸಣ್ಣ ಅಧ್ಯಯನಗಳಲ್ಲಿ ಉಪಯೋಗ ಕಂಡಿದೆ, ಅಷ್ಟೇ. ಹೊತ್ತುಗೊತ್ತಿಲ್ಲದೆ ಬರೋ ಮಕ್ಕಳಿಗೆ ಪ್ರಯೋಜನ ಇಲ್ಲ. ನಿದ್ದೆ ಸಾಲ ತೀರಿಸದೆ ಇದೊಂದನ್ನೇ ಮಾಡಿದ್ರೂ ಪ್ರಯೋಜನ ಕಡಿಮೆ.

ಕಾಫಿಕಣದ ರಾಜ · ನವೆಂಬರ್ 17, ಮಧ್ಯಾಹ್ನ 1.30

ಮೊನ್ನೆ ಎಬ್ಬಿಸಬೇಡಿ ಅಂದ್ರಿ, ಇವತ್ತು ಎಬ್ಬಿಸಿ ಅಂತೀರಿ.

ಹಳೇ ನರ್ಸಮ್ಮ · ನವೆಂಬರ್ 17, ಮಧ್ಯಾಹ್ನ 1.38

ಸಿಕ್ಕಿಕೊಂಡ ಮೇಲೆ ಎಳೀಬೇಡಿ, ಸಿಕ್ಕಿಕೊಳ್ಳೋ ಮುಂಚೆ ದಾರಿ ತಪ್ಪಿಸಿ ಅಂತಿದ್ದೀನಿ.

ಮಡಿಕೇರಿ ಮಂಜು · ನವೆಂಬರ್ 17, ಮಧ್ಯಾಹ್ನ 1.45

ಘಾಟಿಯಲ್ಲಿ ಬಸ್ ಸಿಕ್ಕಿಕೊಂಡ ಮೇಲೆ ಹಾರ್ನ್ ಹೊಡೆದು ಏನು ಪ್ರಯೋಜನ ರಾಜಣ್ಣ. ಅಂದ ಹಾಗೆ ನಿಮ್ಮ ಕಡೆ ಅರೇಬಿಕಾ ಕುಯ್ಲು ಶುರುವಾಯ್ತಾ? ನಮಗೆ ಆಳೇ ಸಿಕ್ತಿಲ್ಲ.

ಕಾಫಿಕಣದ ರಾಜ · ನವೆಂಬರ್ 17, ಮಧ್ಯಾಹ್ನ 2.10

ಶುರು ಮಾಡಿದ ದಿನವೇ ಮಳೆ. ಕಣದ ತುಂಬಾ ಟಾರ್ಪಾಲು. ಅದರ ಬಗ್ಗೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಅಮ್ಮಂದಿರು ಬೈತಾರೆ.

ಗೋಣಿಕೊಪ್ಪದ ಅಮ್ಮ · ನವೆಂಬರ್ 24, ಬೆಳಿಗ್ಗೆ 5.15

ಈ ಹೊತ್ತಿಗೆ ಎಚ್ಚರ ಇದ್ದೀನಿ ಅಂದ್ರೆ ಗೊತ್ತಾಗಿರುತ್ತೆ. ಆದ್ರೆ ಇವತ್ತಿನದು ಬೇರೆ ಥರ.

ನಮ್ಮ ಗದ್ದೆ ಬಯಲಿಗೆ ನಿನ್ನೆ ಸಂಜೆ ಆನೆ ಬಂದಿತ್ತು. ಭತ್ತ ಹಣ್ಣಾಗಿದೆ, ಪ್ರತಿ ವರ್ಷದ ಕಥೆ. ಎಲ್ಲರೂ ಸೇರಿ ಪಟಾಕಿ ಹೊಡೆದು ಓಡಿಸಿದ್ರು. ಅವಳು ಅಜ್ಜನ ಹೆಗಲ ಮೇಲೆ ಕೂತು ನೋಡ್ತಾ ಇದ್ದಳು, ಆವಾಗ ಅಳಲಿಲ್ಲ. ಬೆಳಗಿನ ಜಾವ 4.10ಕ್ಕೆ ಅತ್ತಳು. ಚೀರಿದ್ದಲ್ಲ, ಬಿಕ್ಕಿ ಬಿಕ್ಕಿ ಅಳು. ನಾನು ಹೋಗೋ ಮುಂಚೆನೇ ಕೈ ಚಾಚಿ ನಿಂತಿದ್ದಳು, ಎತ್ತಿಕೊಂಡ ಕೂಡಲೇ ಕುತ್ತಿಗೆ ಗಟ್ಟಿಯಾಗಿ ಹಿಡಿದುಕೊಂಡು "ಆನೆ ಬಂತು, ಢಂ" ಅಂದಳು. ಮತ್ತೆ ಹಾಸಿಗೆಗೆ ಇಳಿಯೋಕೇ ಒಪ್ಪಲಿಲ್ಲ.

"ಅದು ಕನಸು ಪುಟ್ಟಿ" ಅಂತ ಹತ್ತು ಸಲ ಹೇಳಿದೆ. "ಇಲ್ಲ, ಆನೆ" ಅಂತಾಳೆ. ಈಗ ನನ್ನ ತೊಡೆ ಮೇಲೆ ಮಲಗಿದ್ದಾಳೆ. ಎರಡೂ ಬಂದ ಮೇಲೆ ಗೊತ್ತಾಯ್ತು, ಹೋಲಿಕೆಯೇ ಇಲ್ಲ.

ಹಳೇ ನರ್ಸಮ್ಮ · ನವೆಂಬರ್ 24, ಬೆಳಿಗ್ಗೆ 6.20

ಇದು ಅಪ್ಪಟ ಕೆಟ್ಟ ಕನಸು. ಇದಕ್ಕೆ ಎತ್ತಿಕೊಂಡಿದ್ದೇ ಸರಿ. ಕೂತು ಕಾಯೋ ಪ್ರಶ್ನೆ ಇಲ್ಲ, ಕೂಗಿದ ಕೂಡಲೇ ಹೋಗಬೇಕು, ಅಪ್ಪಿಕೊಳ್ಳಬೇಕು.

ಆದ್ರೆ "ಕನಸು" ಅನ್ನೋ ಮಾತು ಎರಡೂವರೆ ವರ್ಷದ ಮಗುವಿಗೆ ಅರ್ಥ ಆಗಲ್ಲ. ಅವಳ ಪಾಲಿಗೆ ಆನೆ ಕೋಣೆಗೆ ಬಂದಿದ್ದು ನಿಜ. ನೀವು ಇಲ್ಲ ಅಂದ್ರೆ ಅಮ್ಮನಿಗೆ ಗೊತ್ತಾಗಿಲ್ಲ ಅಂದುಕೊಳ್ತಾಳೆ. ಅದರ ಬದಲು ಅವಳು ಕೇಳಬೇಕಾದ್ದನ್ನ ಹೇಳಿ. "ಹೆದರಿಕೆ ಆಯ್ತಾ? ಆನೆ ಕಾಡಿಗೆ ಹೋಯ್ತು. ಬಾಗಿಲು ಹಾಕಿದೆ. ಅಮ್ಮ ಇಲ್ಲೇ ಇದ್ದೀನಿ." ಮಾತು ಕಡಿಮೆ, ದೀಪ ಸಣ್ಣದು, ಅವಳ ಹಾಸಿಗೆಯಲ್ಲೇ ಪಕ್ಕದಲ್ಲಿ ಕೂತು ಮಲಗಿಸಿ. ರಾತ್ರಿ ಹೊತ್ತು ಇಡೀ ಕಥೆ ಕೆದಕಬೇಡಿ.

ಹಗಲಲ್ಲಿ ಆಟದಲ್ಲಿ ತನ್ನಿ. ಟೀಚರ್ ಹೇಳಿದ ಮೀಸೆ ಫ್ರಾಕಿನ ಉಪಾಯ ಹಗಲಿಗೆ ಚೆನ್ನಾಗಿದೆ. ಆನೆ ಬಂತು, ಭತ್ತ ತಿಂತು, ಅದರಮ್ಮ ಕರೀತು, ಮನೆಗೆ ಹೋಯ್ತು, ಹೀಗೆ ಅವಳ ಕೈಯಲ್ಲೇ ಮುಗಿಸಲಿ. ನಾಲ್ಕೈದು ದಿನ ಮತ್ತೆ ಬರಬಹುದು.

ಅಜ್ಜಿಮನೆ · ನವೆಂಬರ್ 24, ಬೆಳಿಗ್ಗೆ 7.30

ಮಗುವನ್ನ ಆನೆ ಓಡಿಸೋಕೆ ಕರ್ಕೊಂಡು ಹೋದ ಅಜ್ಜನಿಗೆ ಮೊದಲು ನೀವಾಳಿಸಬೇಕು.

ಗೋಣಿಕೊಪ್ಪದ ಅಮ್ಮ · ನವೆಂಬರ್ 24, ಬೆಳಿಗ್ಗೆ 7.42

😂 ಅತ್ತೆಗೆ ಓದಿ ಹೇಳಿದೆ. ಮಾವ ಪೇಪರ್ ಅಡ್ಡ ಹಿಡಿದುಕೊಂಡ್ರು.

ಗೋಣಿಕೊಪ್ಪದ ಅಮ್ಮ · ಡಿಸೆಂಬರ್ 2, ರಾತ್ರಿ 9.00

ಎರಡು ವಾರದ ವರದಿ. ಪ್ಲೇಸ್ಕೂಲಿನವರ ಹತ್ತಿರ ಮಾತಾಡಿ ಅರ್ಧ ದಿನಕ್ಕೆ ಬದಲಾಯಿಸಿದೆ. ಹನ್ನೆರಡೂವರೆಗೆ ಮಾವ ಸ್ಕೂಟರಿನಲ್ಲಿ ಕರ್ಕೊಂಡು ಬರ್ತಾರೆ. ಒಂದೂಕಾಲಿನಿಂದ ಮೂರರ ತನಕ ಮಲಗ್ತಾಳೆ. ರಾತ್ರಿ ಎಂಟೂವರೆಗೆ ಹಾಸಿಗೆ. ಅಪ್ಪ ಅಂಗಡಿಯಿಂದ ವಿಡಿಯೋ ಕಾಲ್ ಮಾಡಿ ಗುಡ್ ನೈಟ್ ಹೇಳ್ತಾರೆ, ಮೊದಲ ಮೂರು ದಿನ ರಂಪ, ಈಗ ಅಭ್ಯಾಸ. ಕದಲಿಸೋದು 9.35ಕ್ಕೆ, ನಾನೇ ಅಲಾರಂ ಇಟ್ಟುಕೊಂಡು.

ಮೊದಲ ವಾರ ಎರಡು ಸಲ ಬಂತು. ಒಂದು, ನಾನು ನಿದ್ದೆ ಹತ್ತಿ ಅಲಾರಂ ಆಫ್ ಮಾಡಿದ ರಾತ್ರಿ. ಇನ್ನೊಂದು, ಜ್ವರ ಬಂದ ರಾತ್ರಿ, ಹೊತ್ತೇ ತಪ್ಪಿ ಹನ್ನೆರಡಕ್ಕೆ. ಎರಡನೇ ವಾರ ಒಂದೂ ಇಲ್ಲ. ಆನೆ ಕನಸು ಎರಡು ಸಲ ಬಂದು ನಿಂತಿದೆ. ಈಗ ಅವಳ ಆಟದಲ್ಲಿ ಆನೆಗೂ ಮಧ್ಯಾಹ್ನ ಮಲಗಿಸ್ತಾಳೆ.

ಸುಂಟಿಕೊಪ್ಪ ಟೀಚರ್ · ಡಿಸೆಂಬರ್ 2, ರಾತ್ರಿ 9.14

ನೋಡಿದ್ರಾ, ಮಧ್ಯಾಹ್ನದ ನಿದ್ದೆ ಕೊಟ್ಟಿದ್ದಕ್ಕೇ ಹೋಗಿದ್ದು. ಅಲಾರಂ ಎಲ್ಲಾ ಸುಮ್ಮನೆ.

ಗೋಣಿಕೊಪ್ಪದ ಅಮ್ಮ · ಡಿಸೆಂಬರ್ 2, ರಾತ್ರಿ 9.20

ಹಾಗಂದ್ರೆ ಅಲಾರಂ ಮಿಸ್ ಆದ ದಿನವೇ ಯಾಕೆ ಬಂತು?

ಹಳೇ ನರ್ಸಮ್ಮ · ಡಿಸೆಂಬರ್ 2, ರಾತ್ರಿ 9.33

ಒಂದು ದಿನದ ಮೇಲೆ ಹೇಳೋಕಾಗಲ್ಲ, ಎರಡನ್ನೂ ಒಟ್ಟಿಗೆ ಶುರು ಮಾಡಿದ್ವಿ. ಇನ್ನೊಂದೆರಡು ವಾರ ಮುಂದುವರಿಸಿ, ಆಮೇಲೆ ಕದಲಿಸೋದನ್ನ ನಿಲ್ಲಿಸಿ, ನಿದ್ದೆ ಹೊತ್ತು ಹಾಗೇ ಇಟ್ಟು ನೋಡಿ. ಬರದಿದ್ರೆ ಟೀಚರ್ ಗೆದ್ದರು ಅನ್ನಿ.

ಗೊರಕೆ ಏನಾಯ್ತು? ಶೀತ ಇಲ್ಲದ ರಾತ್ರಿನೂ ಇದ್ರೆ, ಬಾಯಿ ತೆರೆದು ಮಲಗಿದ್ರೆ, ಮಧ್ಯೆ ಉಸಿರು ನಿಂತು ಮತ್ತೆ ಎಳೆದುಕೊಂಡ ಹಾಗೆ ಕೇಳಿಸಿದ್ರೆ ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು. ಉಸಿರು ಕಟ್ಟೋದೇ ಮಗುವನ್ನ ಮತ್ತೆ ಮತ್ತೆ ಅರ್ಧ ಎಬ್ಬಿಸ್ತಾ ಇದ್ರೆ ನಮ್ಮ ಅಲಾರಂ ಎಷ್ಟು ದಿನ ಇಟ್ರೂ ಅಷ್ಟೇ.

ಗೋಣಿಕೊಪ್ಪದ ಅಮ್ಮ · ಡಿಸೆಂಬರ್ 2, ರಾತ್ರಿ 9.36

ಬಾಯಿ ತೆರೆದೇ ಮಲಗ್ತಾಳೆ. ಮುಂದಿನ ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ತಡೀರಿ, 9.35 ದಾಟ್ತು, ಹೋಗಿ ಕದಲಿಸಿ ಬರ್ತೀನಿ.

ಗೋಣಿಕೊಪ್ಪದ ಅಮ್ಮ · ಡಿಸೆಂಬರ್ 2, ರಾತ್ರಿ 9.44

"ಹ್ಞೂ" ಅಂದಳು. ಮಲಗಿದಳು.

ಇನ್ನೊಂದು ಚಿಂತೆ. ಹುತ್ತರಿ ಹಬ್ಬಕ್ಕೆ ಎಲ್ಲರೂ ನಮ್ಮ ಮನೆತನದ ಐನ್‌ಮನೆಗೆ ಹೋಗ್ತೀವಿ. ಗದ್ದೆಯಿಂದ ಹೊಸ ಭತ್ತದ ಕದಿರು ತೆಗೆಯೋದೇ ರಾತ್ರಿ, ಗುಂಡು ಹೊಡೀತಾರೆ, ಪಟಾಕಿ, ಹೊಸ ಜಾಗ, ಊಟ ಆಗೋವಾಗ ಹನ್ನೊಂದು. ನೀವು ಹೇಳಿದ ಕಾರಣಗಳೆಲ್ಲಾ ಒಂದೇ ರಾತ್ರಿ!

ಹಳೇ ನರ್ಸಮ್ಮ · ಡಿಸೆಂಬರ್ 2, ರಾತ್ರಿ 9.58

ಆ ದಿನ ಮಧ್ಯಾಹ್ನ ಚೆನ್ನಾಗಿ ಮಲಗಿಸಿ ಕರ್ಕೊಂಡು ಹೋಗಿ. ಬರೋದಿದ್ರೆ ಬರುತ್ತೆ. ಅಲ್ಲಿರೋ ಚಿಕ್ಕಪ್ಪ ದೊಡ್ಡಮ್ಮಂದಿರಿಗೆಲ್ಲ ಮೊದಲೇ ಹೇಳಿಡಿ, ಇಲ್ಲದಿದ್ರೆ ಇಪ್ಪತ್ತು ಜನ ಲೈಟ್ ಹಾಕಿ ನೀರಿನ ಚೊಂಬು ಹಿಡಿದು ಬರ್ತಾರೆ.

ಕಾಫಿಕಣದ ರಾಜ · ಡಿಸೆಂಬರ್ 2, ರಾತ್ರಿ 10.03

ನಾನಂತೂ ಚೊಂಬು ತರಲ್ಲ.